ತಂಗಿಯ ಸಾವಿನ ನಮೂದು

ಅಪ್ಪ ತೀರಿಕೊಂಡಾಗ ನಾನು ಹಾಸನದಲ್ಲಿ ನರ್ಸಿಂಗ್ ಓದುತ್ತಿದ್ದೆ. ಅಪ್ಪ, ಅವ್ವ ಇಬ್ಬರೂ ಕೆ. ಹೊಸಕೋಟೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಆಳುಗಳು. ಎಸ್ಟೇಟಿನವರು ಆಳುಗಳಿಗೆ ಸಾಲಾಗಿ ಕಟ್ಟಿಸಿದ ಲೈನ್ ಮನೆಯಲ್ಲೇ ನಾನು ಹುಟ್ಟಿ ಬೆಳೆದದ್ದು. ನೆರಳು ಮರಗಳ ಕೊಂಬೆ ಸವರುವ ಮರಗಸಿ ಮಾಡುವಾಗ ಸಿಲ್ವರ್ ಮರದ ಮೇಲಿಂದ ಬಿದ್ದ ಅಪ್ಪ ಆಸ್ಪತ್ರೆಗೆ ಮುಟ್ಟಲಿಲ್ಲ. ತಿಥಿ ಮುಗಿದ ಮೇಲೆ ಎಸ್ಟೇಟಿನ ರೈಟರು, ಅಂದರೆ ಆಳುಗಳ ಲೆಕ್ಕ ಇಡುವವರು, ಅವ್ವನನ್ನು ಆಫೀಸಿಗೆ ಕರೆಸಿ ಪಿ.ಎಫ್. ಕಚೇರಿಯಿಂದ ವಿಧವಾ ಪಿಂಚಣಿಯೂ ಮಗಳಿಗೆ ಒಂದಿಷ್ಟು ಪಿಂಚಣಿಯೂ ಬರುತ್ತದೆ ಎಂದು ಹೇಳಿ ಅವರೇ ಅರ್ಜಿ ತುಂಬಿ ಕಳಿಸಿದರು. ಒಳ್ಳೆಯ ಮನುಷ್ಯ. ಆದರೆ ಅರ್ಜಿ ವಾಪಸು ಬಂತು. ಎಸ್ಟೇಟಿನ ಕಾಗದದಲ್ಲಿ ನನ್ನ ಹುಟ್ಟಿದ ತಾರೀಖು ಒಂದು, ಶಾಲೆಯ ಸರ್ಟಿಫಿಕೇಟಿನಲ್ಲಿ ಇನ್ನೊಂದು. ಜನನ ನೋಂದಣಿಯ ದೃಢೀಕೃತ ನಕಲು ಲಗತ್ತಿಸಿ ಎಂದು ಮೇಲೆ ಬರೆದಿತ್ತು.

ನಕಲು ತರುವುದೇನು ಮಹಾ ಕೆಲಸ ಎಂದುಕೊಂಡು ರಜೆ ಕೇಳಿ ಬಂದೆ. ಅವ್ವನೂ ನಾನೂ ಬೆಳಗಿನ ಬಸ್ಸಿಗೆ ಆಲೂರಿಗೆ ಹೋದೆವು. ಹಳ್ಳಿಗಳ ಹಳೆಯ ಜನನ ಮರಣದ ಪುಸ್ತಕಗಳೆಲ್ಲ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಇರುತ್ತವೆ. ಅಲ್ಲಿದ್ದ ಗುಮಾಸ್ತರು ನಮ್ಮ ಅರ್ಜಿ ತೆಗೆದುಕೊಂಡು ಒಳಗೆ ಹೋಗಿ ಬಹಳ ಹೊತ್ತು ಹುಡುಕಿದರು. ಪುಸ್ತಕ ತಂದು ಮೇಜಿನ ಮೇಲಿಟ್ಟು ಬೆರಳು ಓಡಿಸುತ್ತಾ ಬಂದವರು ಒಂದು ಸಾಲಿನಲ್ಲಿ ನಿಂತರು. ಅಪ್ಪನ ಹೆಸರು ಓದಿದರು. ಅವ್ವನ ಹೆಸರು ಓದಿದರು. ನನ್ನ ಹೆಸರು ಓದಿದರು. ಆಮೇಲೆ ನನ್ನ ಮುಖ ನೋಡಿದರು.

"ಈ ಮಗು ತೀರ್ಕಂಡೈತಲ್ಲ ಕಣಮ್ಮ. ನೀನ್ಯಾರು?"

ನಾನು ಬಗ್ಗಿ ನೋಡಿದೆ. ಸಾಲಿನ ಕೊನೆಗೆ, ಷರಾ ಎಂದು ಬರೆದಿದ್ದ ಅಂಕಣದಲ್ಲಿ, ಕೆಂಪು ಶಾಯಿಯಲ್ಲಿ 'ಮೃತ' ಎಂದಿತ್ತು. ಪಕ್ಕದಲ್ಲಿ ಮರಣ ಪುಸ್ತಕದ ಕ್ರಮಸಂಖ್ಯೆ. ಗುಮಾಸ್ತರು ಆ ಪುಸ್ತಕವನ್ನೂ ತಂದರು. ಅದರಲ್ಲೂ ನಾನೇ ಇದ್ದೆ. ನನ್ನ ಹೆಸರು, ನನ್ನ ವಯಸ್ಸು ಮೂರು ವರ್ಷ, ಕಾರಣ ಜ್ವರ. ಮಾಹಿತಿ ಕೊಟ್ಟವರು ಎಂಬಲ್ಲಿ ಎಸ್ಟೇಟಿನ ಸೂಪರಿಂಟೆಂಡೆಂಟರ ಸಹಿ. ಪ್ಲಾಂಟೇಷನ್ನುಗಳಲ್ಲಿ ಹುಟ್ಟು ಸಾವಿನ ವರದಿ ಕೊಡಬೇಕಾದವರು ಅವರೇ.

"ಯಾವ ತಿಂಗ್ಳು ಅಂತ ಬರ್ದವ್ರೆ?" ಅಂದಳು ಅವ್ವ.

ಗುಮಾಸ್ತರು ಓದಿ ಹೇಳಿದರು. ಅವ್ವ ಅಲ್ಲೇ ಗೋಡೆ ಹಿಡಿದು ಕುಳಿತಳು.

ನನಗೆ ಒಬ್ಬಳು ತಂಗಿ ಇದ್ದಳು. ನಾನು ಮೂರು ವರ್ಷದವಳಿದ್ದಾಗ, ಅವಳಿನ್ನೂ ಗೋಡೆ ಹಿಡಿದು ನಿಲ್ಲುವುದನ್ನು ಕಲಿಯುತ್ತಿದ್ದಾಗ, ಜ್ವರ ಬಂದು ಹೋದಳಂತೆ. ನನಗೆ ಅವಳ ಮುಖ ನೆನಪಿಲ್ಲ. ನೆನಪಿರುವುದು ಒಂದೇ, ಅವ್ವನ ಮಡಿಲಿಗೆ ನಾನು ಹೋದಾಗ ಅಲ್ಲಿ ಜಾಗ ಇರುತ್ತಿರಲಿಲ್ಲ ಎಂಬುದು. ಅವಳು ಹುಟ್ಟಿದ್ದು ಕಾಫಿ ಕುಯಿಲಿನ ಕಾಲದಲ್ಲಿ, ಲೈನಿನ ಮನೆಯಲ್ಲೇ. ಆಗಿನ ರೈಟರಿಗೆ ಅಪ್ಪ ಹೇಳಿದ್ದನಂತೆ. ಬರೆದು ಕಳಿಸ್ತೀನಿ ಎಂದವರು ಕಳಿಸಲೇ ಇಲ್ಲ. ಅವಳ ಹುಟ್ಟು ಎಲ್ಲೂ ನೋಂದಣಿ ಆಗಲಿಲ್ಲ. ಅವಳು ಸತ್ತಾಗ ಮಾತ್ರ ಎಸ್ಟೇಟಿನವರು ತಪ್ಪದೆ ವರದಿ ಕೊಟ್ಟಿದ್ದರು. ಆಫೀಸಿನಲ್ಲಿದ್ದ ಪಡಿತರದ ಪಟ್ಟಿಯಲ್ಲಿ ಅಪ್ಪನ ಹೆಸರಿನ ಕೆಳಗೆ ಇದ್ದದ್ದು ಒಬ್ಬಳೇ ಮಗಳು. ಅದು ನಾನು. ನನ್ನನ್ನೇ ಬರೆದಿರಬೇಕು. ಆ ನಮೂದಿನಲ್ಲಿ ನನ್ನ ತಂಗಿಗೆ ಸೇರಿದ್ದು ದಿನ ಮತ್ತು ಜ್ವರ, ಎರಡೇ. ಉಳಿದದ್ದೆಲ್ಲ ನಾನು.

ಗುಮಾಸ್ತರು ಕೆಟ್ಟವರಲ್ಲ. ಅವ್ವನಿಗೆ ನೀರು ಕೊಟ್ಟರು. "ತಿದ್ಸಕ್ಕೆ ಬರ್ತೈತೆ. ಇಂಥವು ಆಗ್ತಾವೆ. ಸಾಹೇಬ್ರಿಗೆ ಒಂದು ಮನವಿ ಬರೀರಿ. ಅಫಿಡವಿಟ್ ಮಾಡ್ಸಿ, ನಿಮ್ಮ ಶಾಲೆ ಸರ್ಟಿಫಿಕೇಟ್ ಹಚ್ಚಿ. ವಿಷಯ ಗೊತ್ತಿರೋರು ಇಬ್ರು ಬಂದು ಹೇಳಿಕೆ ಕೊಡ್ಬೇಕು," ಎಂದರು.

"ನನಗೆ ಮತ್ತೆ ಮತ್ತೆ ರಜೆ ಕೊಡಲ್ಲ ಸರ್," ಅಂದೆ.

"ಹಂಗಾರೆ ಮೇಲ್ ಮಾಡಮ್ಮ. ಈಗ ಕಚೇರಿಗೂ ಮೇಲ್ ಐತೆ," ಎಂದು ಒಂದು ಚೀಟಿಯಲ್ಲಿ ವಿಳಾಸ ಬರೆದುಕೊಟ್ಟರು.

ಬಸ್ಸಿನಲ್ಲಿ ಅವ್ವ ಒಂದೇ ಮಾತು ಕೇಳಿದಳು. "ಇಷ್ಟ್ ವರ್ಷ ನಿನ್ನ ಸತ್ತೋಳು ಅಂತ ಬರ್ಕಂಡ್ ಇಟ್ಟಿದ್ರಾ?" ಸ್ವಲ್ಪ ದೂರ ಹೋದ ಮೇಲೆ ತಾನೇ ಹೇಳಿಕೊಂಡಳು, "ಅವ್ಳನ್ನ ಬರ್ದೇ ಇಲ್ಲ." ಎರಡರಲ್ಲಿ ಯಾವುದರಿಂದ ಅವಳಿಗೆ ಹೆಚ್ಚು ನೋವಾಯಿತು ಎಂದು ನನಗೆ ಆಗ ತಿಳಿಯಲಿಲ್ಲ.

ಹಾಸನದಲ್ಲಿ ಹಾಸ್ಟೆಲಿನ ಹತ್ತಿರ ಒಂದು ಸೈಬರ್ ಸೆಂಟರ್ ಇತ್ತು. ಸಾಯಂಕಾಲ ಡ್ಯೂಟಿ ಮುಗಿಸಿ ಅಲ್ಲಿಗೆ ಹೋಗಿ ಮೊದಲ ಬಾರಿಗೆ ನನ್ನ ಹೆಸರಿನಲ್ಲಿ ಒಂದು ಮೇಲ್ ಐಡಿ ಮಾಡಿಕೊಂಡೆ. ಮನವಿಯನ್ನು ಮೊದಲು ಹಾಳೆಯ ಮೇಲೆ ಬರೆದೆ, ಹರಿದೆ, ಮತ್ತೆ ಬರೆದೆ. ಅದನ್ನು ಎಷ್ಟು ತಿದ್ದಿದೆನೆಂದರೆ ಇವತ್ತಿಗೂ ಅದರ ಸಾಲುಗಳು ಬಾಯಿಗೆ ಬರುತ್ತವೆ.

'ಮಾನ್ಯ ತಹಸೀಲ್ದಾರರು, ತಾಲ್ಲೂಕು ಕಚೇರಿ, ಆಲೂರು, ಇವರ ಸನ್ನಿಧಿಗೆ. ವಿಷಯ: ಜನನ ನೋಂದಣಿಯಲ್ಲಿ ನನ್ನ ಹೆಸರಿನ ಮುಂದೆ ತಪ್ಪಾಗಿ ಬರೆದಿರುವ "ಮೃತ" ಎಂಬ ಷರಾ ತೆಗೆಯುವ ಬಗ್ಗೆ ಹಾಗೂ ಮರಣ ನೋಂದಣಿಯಲ್ಲಿ ಮೃತಳ ಹೆಸರು ಮತ್ತು ವಯಸ್ಸನ್ನು ತಿದ್ದುಪಡಿ ಮಾಡುವ ಬಗ್ಗೆ.

ಮಾನ್ಯರೆ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಅರ್ಜಿದಾರಳಾದ ನಾನು ಜೀವಂತವಾಗಿದ್ದು, ಹಾಸನದಲ್ಲಿ ವಿದ್ಯಾಭ್ಯಾಸ ಮಾಡುತ್ತಿರುತ್ತೇನೆ. ಮರಣ ನೋಂದಣಿಯಲ್ಲಿ ನಮೂದಾಗಿರುವ ದಿನಾಂಕದಂದು ಮೃತಪಟ್ಟವಳು ನಾನಲ್ಲ, ನನ್ನ ತಂಗಿಯಾಗಿರುತ್ತಾಳೆ. ಮಾಹಿತಿ ನೀಡುವಾಗ ಆಗಿರುವ ತಪ್ಪಿನಿಂದ ಅವಳ ಹೆಸರಿನ ಬದಲು ನನ್ನ ಹೆಸರು ದಾಖಲಾಗಿರುತ್ತದೆ. ಆದ್ದರಿಂದ ಸದರಿ ನಮೂದಿನಲ್ಲಿ ನನ್ನ ಹೆಸರಿನ ಬದಲು ಅವಳ ಹೆಸರನ್ನೂ, ಮೂರು ವರ್ಷ ಎಂಬಲ್ಲಿ ಅವಳ ವಯಸ್ಸನ್ನೂ ನಮೂದಿಸಿ, ನನ್ನ ಜನನ ಪ್ರಮಾಣಪತ್ರವನ್ನು ನೀಡಬೇಕೆಂದು ಕೋರುತ್ತೇನೆ.'

ಅದರ ಕೆಳಗೆ ಅಪ್ಪನ ಹೆಸರು, ಅವ್ವನ ಹೆಸರು, ಹುಟ್ಟಿದ ಸ್ಥಳ, ಹೋಬಳಿ, ಎರಡೂ ಪುಸ್ತಕಗಳ ಕ್ರಮಸಂಖ್ಯೆ, ಲಗತ್ತುಗಳ ಪಟ್ಟಿ. ತಂಗಿಯ ವಯಸ್ಸು ಬರೆಯುವಲ್ಲಿ ಕೈ ನಿಂತಿತು. ಎಸ್ಟೇಟ್ ಆಫೀಸಿನ ಫೋನಿಗೆ ಕರೆ ಮಾಡಿ ಅವ್ವನನ್ನು ಕರೆಸಿಕೊಂಡೆ.

"ಅವ್ವ, ಅವಳಿಗೆ ಸರಿಯಾಗಿ ಎಷ್ಟು ತಿಂಗಳಾಗಿತ್ತು?"

"ಹಲ್ ಬಂದಿತ್ತು ಕಣವ್ವ. ಕೆಳ್ಗಡೆ ಎಲ್ಡು."

"ತಿಂಗಳು ಹೇಳವ್ವ, ಬರೀಬೇಕು."

"ಕುಯ್ಲು ಸುರುವಾದಾಗ ಹುಟ್ಟಿದ್ದು. ಮಳೆ ಜೋರಾದಾಗ ಹೋದ್ಲು. ನೀನೇ ಲೆಕ್ಕ ಹಾಕ್ಕ."

ಫೋನು ಇಡುವ ಮೊದಲು ಅವ್ವ ತಂಗಿಯ ಹೆಸರನ್ನು ನಿಧಾನವಾಗಿ, ಒತ್ತಿ ಹೇಳಿದಳು. ನನಗೆ ಗೊತ್ತಿದ್ದ ಹೆಸರೇ. "ತಪ್ ಬರೀಬೇಡ," ಅಂದಳು.

ಸೈಬರ್ ಸೆಂಟರಿನಲ್ಲಿ ಕನ್ನಡದಲ್ಲಿ ಟೈಪ್ ಮಾಡಿ, ಅದನ್ನೇ ಮೇಲಿಗೆ ಹಾಕಿ ಕಳಿಸಿದೆ. ಉತ್ತರ ಬರಲಿಲ್ಲ. ದಿನವೂ ಹೋಗಿ ನೋಡುತ್ತಿದ್ದೆ. ವಾರಗಳು ಕಳೆದ ಮೇಲೆ ಮತ್ತೆ ರಜೆ ಬೇಡಿ ಆಲೂರಿಗೆ ಹೋದರೆ, ಕಚೇರಿಯ ಮೇಲ್ ತೆರೆಯುವುದು ಪಹಣಿ ಕೊಡುವ ಕೋಣೆಯ ಕಂಪ್ಯೂಟರಿನಲ್ಲಿ ಎಂದು ಗೊತ್ತಾಯಿತು. ಕಿಟಕಿಯ ಮುಂದೆ ಪಹಣಿಗೆ ನಿಂತ ರೈತರ ಸಾಲು. ಆಪರೇಟರು ಬಿಡುವು ಮಾಡಿಕೊಂಡು ನನ್ನ ಮೇಲ್ ತೆರೆದು ತೋರಿಸಿದರು. ಪರದೆಯ ತುಂಬ ಕೊಂಬು ಬಾಲ ಇರುವ ಇಂಗ್ಲಿಷ್ ಅಕ್ಷರಗಳು, ಚುಕ್ಕಿಗಳು, ಅಡ್ಡಗೆರೆಗಳು. ಒಂದು ಕನ್ನಡ ಅಕ್ಷರವೂ ಇರಲಿಲ್ಲ.

"ನೀವು ಟೈಪ್ ಮಾಡಿದ್ ಫಾಂಟು ಮೇಲ್‌ನಾಗೆ ನಿಲ್ಲಲ್ಲ ಕಣ್ರೀ. ನಾನು ವೈರಸ್ ಅನ್ಕಂಡೆ," ಎಂದರು ಆಪರೇಟರು. "ಕೈಯಾಗೆ ಬರ್ದು, ಸಹಿ ಹಾಕಿ, ಸ್ಕ್ಯಾನ್ ಮಾಡಿ ಕಳ್ಸಿ. ಪ್ರಿಂಟ್ ತಗ್ದು ಟಪಾಲಿಗೆ ಹಾಕ್ತೀನಿ."

ಹಾಸನಕ್ಕೆ ವಾಪಸಾಗಿ ಹಾಗೆಯೇ ಮಾಡಿದೆ. ಈ ಸಲ ಉತ್ತರ ಬಂತು. ಗ್ರಾಮ ಲೆಕ್ಕಿಗರಿಗೆ ಸ್ಥಳ ತನಿಖೆ ಮಾಡಿ ವರದಿ ಕೊಡಲು ಸೂಚಿಸಿದೆ, ಮೂಲ ದಾಖಲೆಗಳು ಮತ್ತು ಸಾಕ್ಷಿಗಳೊಂದಿಗೆ ಹಾಜರಾಗತಕ್ಕದ್ದು ಎಂದು ದಿನ ಗೊತ್ತು ಮಾಡಿದ್ದರು. ಅದನ್ನು ಓದಿ ನನಗೆ ಆದ ಸಂತೋಷ ಹೇಳತೀರದು. ಮೂಲೆಯಲ್ಲಿದ್ದ ಪ್ರಿಂಟರಿನಲ್ಲಿ ಅದರ ಪ್ರತಿ ತೆಗೆಸಿಕೊಂಡು ಹಾಸ್ಟೆಲಿನವರಿಗೆಲ್ಲ ತೋರಿಸಿದೆ.

ಸಾಕ್ಷಿಗಳನ್ನು ಹುಡುಕಲು ಹೊರಟಾಗ ತಿಳಿಯಿತು, ಲೈನಿನಲ್ಲಿ ಆ ಕಾಲದವರು ಹೆಚ್ಚು ಮಂದಿ ಉಳಿದಿಲ್ಲ ಎಂದು. ಎಸ್ಟೇಟು ಎರಡು ಕೈ ಬದಲಾಗಿತ್ತು. ಹಳೆಯ ಕಾಗದಪತ್ರಗಳನ್ನು ಹೊಸ ಸಾಹುಕಾರರು ಬಂದಾಗ ಸ್ಟೋರಿನ ಹಿಂದೆ ಸುಟ್ಟಿದ್ದರಂತೆ. ಹೆರಿಗೆ ಮಾಡಿಸಿದ ಅಜ್ಜಿ ಸತ್ತುಹೋಗಿದ್ದಳು. ಪಕ್ಕದ ಮನೆಯಲ್ಲಿದ್ದವರು ಸೇಲಂ ಕಡೆಯವರು, ಊರಿಗೆ ಹೋದವರು ತಿರುಗಿ ಬರಲಿಲ್ಲ. ಲಸಿಕೆ ಹಾಕಿದ ಚೀಟಿ ಇದೆಯೇ ಎಂದು ಅವ್ವನ ಟ್ರಂಕನ್ನೆಲ್ಲ ಸುರುವಿ ನೋಡಿದೆ. ಒಂದು ಫೋಟೋ ಆದರೂ ಸಿಗಬಹುದು ಎಂದುಕೊಂಡೆ. ನಮ್ಮ ಮನೆಯಲ್ಲಿ ಫೋಟೋ ಅಂತ ಇದ್ದದ್ದು ನನ್ನ ಶಾಲೆಯದು ಮಾತ್ರ.

ಕೊನೆಗೆ ಸಿಕ್ಕವರು ಇಬ್ಬರು. ಲೈನಿನ ಕೊನೆಯ ಮನೆಯ ಮುದುಕಿ, ಮತ್ತೆ ಹಾನುಬಾಳಿನಲ್ಲಿ ಮಗಳ ಮನೆಯಲ್ಲಿದ್ದ, ಆಗ ಆಳುಗಳ ಕೆಲಸ ನೋಡಿಕೊಳ್ಳುತ್ತಿದ್ದ ಹಳೆಯ ಮೇಸ್ತ್ರಿ. ಮೇಸ್ತ್ರಿಗೆ ಕಣ್ಣು ಮಂಜಾಗಿತ್ತು. ಅವರನ್ನು ಜೀಪು, ಬಸ್ಸು ಹತ್ತಿಸಿ ಕೈ ಹಿಡಿದು ಕರೆತಂದೆ.

ತಹಸೀಲ್ದಾರರು ಸಾವಧಾನದಿಂದ ಎಲ್ಲವನ್ನೂ ಓದಿದರು. ನನ್ನ ಮನವಿಯ ಪ್ರಿಂಟು ಅವರ ಮುಂದಿನ ಕಡತದಲ್ಲಿ ಮೇಲೇ ಇತ್ತು. ಮೊದಲು ಮುದುಕಿಯನ್ನು ಕೇಳಿದರು.

"ಇವರ ಮನೆಯಲ್ಲಿ ಮಗು ಸತ್ತದ್ದು ನಿಮಗೆ ಗೊತ್ತೇನಮ್ಮ?"

"ಗೊತ್ತು ಸ್ವಾಮಿ. ಮಳೆಗಾಲ. ಅಳ್ತಿದ್ಲು ಇವ್ಳು, ಲೈನೆಲ್ಲ ಕೇಳ್ಸಂಗೆ."

"ಸತ್ತ ಮಗುವಿನ ಹೆಸರೇನು?"

ಮುದುಕಿ ಅವ್ವನ ಮುಖ ನೋಡಿದಳು. "ಹೆಸ್ರು ಗೊತ್ತಿಲ್ಲ. ಪಾಪು ಪಾಪು ಅಂತಿದ್ವಿ."

ಮೇಸ್ತ್ರಿಯನ್ನು ಕೇಳಿದರು. "ಗುಣಿ ತೋಡಿದ್ದು ನಾನೇ ಸಾರ್. ಹಳ್ಳದ್ ಪಕ್ಕ. ಸಣ್ ಮಗ. ಹೆಣ್ಣೋ ಗಂಡೋ ಅಂತ ನಂಗೀಗ..." ಎಂದು ನಿಲ್ಲಿಸಿಬಿಟ್ಟರು.

"ಹೆಣ್ಣು," ಅಂದಳು ಅವ್ವ.

"ನೀವು ಸುಮ್ಮನಿರಬೇಕಮ್ಮ. ಅವರೇ ಹೇಳಬೇಕು," ಎಂದರು ತಹಸೀಲ್ದಾರರು. ಗದರಿಸಿದ್ದಲ್ಲ, ಆದರೂ ಅವ್ವ ಸೆರಗನ್ನು ಬಾಯಿಗೆ ಹಿಡಿದುಕೊಂಡಳು.

ಅವರು ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು. "ನೋಡಮ್ಮ, ನೀನು ಬದುಕಿದ್ದೀಯ ಅನ್ನೋದರಲ್ಲಿ ಯಾರಿಗೂ ಸಂಶಯ ಇಲ್ಲ. ಶಾಲೆ ದಾಖಲೆ ಇದೆ, ಲೆಕ್ಕಿಗರ ವರದಿ ಇದೆ, ನೀನೇ ನಿಂತಿದ್ದೀಯ. ನಿನ್ನ ಷರಾ ತೆಗೀಬಹುದು. ಆದರೆ ಮರಣದ ನಮೂದಿನಲ್ಲಿ ಇನ್ನೊಂದು ಹೆಸರು ಹಾಕಬೇಕಾದರೆ, ಆ ಹೆಸರಿನ ಮಗು ಇತ್ತು ಅನ್ನೋದಕ್ಕೆ ಆಧಾರ ಬೇಕು. ಜನನ ನೋಂದಣಿ ಆಗಿಲ್ಲ. ಸಾಕ್ಷಿಗಳಿಗೆ ಹೆಸರೇ ಗೊತ್ತಿಲ್ಲ. ನಾನು ಯಾವ ಆಧಾರದ ಮೇಲೆ ಬರೀಲಿ?"

"ಅವಳ ಜನನವನ್ನು ಈಗ ನೋಂದಣಿ ಮಾಡಿಸಬಹುದಾ ಸರ್?"

"ವರ್ಷ ದಾಟಿದರೆ ನಮ್ಮ ಕೈಲಿ ಇಲ್ಲ. ಮ್ಯಾಜಿಸ್ಟ್ರೇಟರ ಆದೇಶ ಬೇಕು. ಜನನಕ್ಕೂ ತರಬೇಕು, ಮರಣಕ್ಕೂ ತರಬೇಕು. ಅಲ್ಲೂ ಇದೇ ಸಾಕ್ಷಿ ಕೇಳ್ತಾರೆ."

"ಇಲ್ಲದಿದ್ದರೆ?"

"ಈ ಮರಣದ ನಮೂದನ್ನು ತಪ್ಪು ನಮೂದು ಅಂತ ರದ್ದು ಮಾಡೋದು. ನಿನ್ನ ಕೆಲಸ ಆಗುತ್ತೆ."

ಆಗ ಅವ್ವ ಎದ್ದು ನಿಂತಳು. "ರದ್ದು ಅಂದ್ರೆ ಏನು ಸ್ವಾಮಿ?"

"ಅಂಥ ಸಾವು ಆಗಿಲ್ಲ ಅಂತ."

"ಆಗೈತಲ್ಲ ಸ್ವಾಮಿ. ನನ್ ತೊಡೆ ಮ್ಯಾಲೆ ಹೋಗೈತಲ್ಲ."

ಹೊರಗೆ ಯಾರೋ ಸ್ಕೂಟರ್ ಸ್ಟಾರ್ಟ್ ಮಾಡುತ್ತಿದ್ದರು, ಅದು ಹತ್ತುತ್ತಿರಲಿಲ್ಲ. "ಹೋಗಿ ಯೋಚನೆ ಮಾಡ್ಕೊಂಡು ಬನ್ನಿ," ಎಂದರು ತಹಸೀಲ್ದಾರರು. ಕಡತವನ್ನು ಮುಚ್ಚಲಿಲ್ಲ, ಪಕ್ಕಕ್ಕೆ ಸರಿಸಿದರು.

ನ್ಯಾಯಾಲಯದ ಹತ್ತಿರ ಒಬ್ಬ ವಕೀಲರನ್ನು ಕೇಳಿದೆವು. ನನ್ನ ಮನವಿಯನ್ನು ಓದಿ, ಚೆನ್ನಾಗಿ ಬರೆದಿದ್ದೀಯ ಎಂದು ಮೆಚ್ಚಿಕೊಂಡರು. "ಹಾಕಿ ನೋಡಬಹುದು. ಆದರೆ ಹುಟ್ಟಿದ್ದನ್ನು ಕಂಡೋರು ಯಾರು ಉಳಿದಿದ್ದಾರೆ?" ಎಂದರು.

"ನಾನ್ ಇವ್ನಿ," ಅಂದಳು ಅವ್ವ.

"ನಿಮ್ಮೊಬ್ಬರ ಮಾತಿನ ಮೇಲೆ ಕಷ್ಟ ಆಗುತ್ತಮ್ಮ. ಒಂದು ಚೂರು ಕಾಗದ ಬೇಕು. ಅಷ್ಟರೊಳಗೆ ಪಿ.ಎಫ್.ನವರು ಕಾಯ್ತಾ ಕೂರಲ್ಲ."

ಬಸ್ ಸ್ಟಾಂಡಿನ ಕಲ್ಲು ಬೆಂಚಿನ ಮೇಲೆ ನಾವು ನಾಲ್ವರೂ ಕುಳಿತೆವು. ಮುದುಕಿ ಮತ್ತು ಮೇಸ್ತ್ರಿ ಅಪರಾಧ ಮಾಡಿದವರ ಹಾಗೆ ತಲೆ ತಗ್ಗಿಸಿದ್ದರು. "ಹೆಣ್ಣು ಅಂತ ಹೇಳ್ಬುಟ್ಟಿದ್ರೆ ಆಯ್ತಿತ್ತು. ನನ್ನ ಬಾಯಿಗೆ ಏನಾಗಿತ್ತೋ," ಎಂದರು ಮೇಸ್ತ್ರಿ. ಅವ್ವ ಅವರಿಗೆ ಬನ್ನು, ಟೀ ತರಿಸಿಕೊಟ್ಟಳು. ತಾನು ಏನೂ ಮುಟ್ಟಲಿಲ್ಲ.

"ಪಿಂಚಣಿ ಬರದಿದ್ದರೆ ಬೇಡ ಅವ್ವ. ನಾನು ಓದು ಮುಗಿಸಿ ಕೆಲಸಕ್ಕೆ ಸೇರ್ತೀನಿ," ಅಂದೆ.

ಅವಳು ರಸ್ತೆ ನೋಡುತ್ತಾ ಕುಳಿತಿದ್ದಳು. "ಪಿಂಚಣಿ ಅಲ್ಲ ಕಣೆ. ನಾಳೆ ನಿಂಗೆ ಇನ್ನೊಂದು ಕಾಗ್ದ ಬೇಕಾಗ್ತೈತೆ. ಸತ್ತೋಳ್ಗೆ ಯಾರ್ ಕೊಡ್ತಾರೆ? ಬದ್ಕಿರೋಳ್ನ ಸತ್ತೋಳು ಅಂತ ಬುಡಕ್ಕಾಯ್ತದಾ? ಮಾಡ್ಲಿ ಬುಡು."

ಅವಳೇ ಮುಂದಾಗಿ ಕಚೇರಿಗೆ ಹೋದಳು. ನಮ್ಮ ಹೇಳಿಕೆಗಳನ್ನು ಬರೆದುಕೊಂಡರು. ನನ್ನ ಮೊದಲ ಕೋರಿಕೆಯನ್ನು ಪುರಸ್ಕರಿಸಿದೆ, ಎರಡನೆಯದನ್ನು ಸೂಕ್ತ ಆಧಾರ ಇಲ್ಲದ ಕಾರಣ ಪರಿಗಣಿಸಿಲ್ಲ ಎಂದು ಆದೇಶ ಆಗುವುದಾಗಿ ಗುಮಾಸ್ತರು ವಿವರಿಸಿದರು. ಅವ್ವ ಹೆಬ್ಬೆಟ್ಟು ಒತ್ತಿದಳು. ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಂಡಳು.

ಆದೇಶ ಆದ ಮೇಲೆ ಪ್ರಮಾಣಪತ್ರ ತರಲು ಹೋದಾಗಲೂ ಅವ್ವ ಬಂದಳು. ಬರಬೇಡ, ಕೂಲಿ ಹೋಗುತ್ತದೆ ಎಂದರೂ ಕೇಳಲಿಲ್ಲ. ಗುಮಾಸ್ತರು ನನ್ನ ಕೈಗೆ ಪ್ರಮಾಣಪತ್ರ ಕೊಟ್ಟರು. ಸೀಲು, ಸಹಿ ಎಲ್ಲ ಇತ್ತು. ಅವ್ವ ಅದರ ಕಡೆ ನೋಡಲೇ ಇಲ್ಲ.

"ಸ್ವಾಮಿ, ಆ ಇನ್ನೊಂದು ಪುಸ್ತಕ ತೋರಿಸ್ತೀರಾ? ಒಂದ್ ಸಲ ಅಷ್ಟೇ."

ಗುಮಾಸ್ತರು ಅತ್ತಿತ್ತ ನೋಡಿ ಮರಣದ ಪುಸ್ತಕ ತೆಗೆದರು. ಹಳೆಯ ಬರಹವನ್ನು ಹೊಡೆದುಹಾಕಿರಲಿಲ್ಲ, ಹಾಗೆ ಮಾಡುವಂತಿಲ್ಲವಂತೆ. ಅಂಚಿನಲ್ಲಿ ಆದೇಶದ ಸಂಖ್ಯೆ ಹಾಕಿ, ರದ್ದುಪಡಿಸಿದೆ ಎಂದು ಬರೆದು ಸಹಿ ಮಾಡಿದ್ದರು. ಅವ್ವನಿಗೆ ಓದು ಬರದು.

"ಎಲ್ಲವ್ಳೆ?" ಅಂದಳು.

ನಾನು ಆ ಸಾಲಿನ ಮೇಲೆ ಬೆರಳಿಟ್ಟೆ. ಅಲ್ಲಿ ಇದ್ದದ್ದು ನನ್ನ ಹೆಸರು, ಆದರೂ ಇಟ್ಟೆ. ಅವ್ವ ತನ್ನ ಬೆರಳನ್ನು ಅದರ ಪಕ್ಕ ಇಟ್ಟು ಸ್ವಲ್ಪ ಹೊತ್ತು ನಿಂತಳು. ಗುಮಾಸ್ತರು ಕನ್ನಡಕ ತೆಗೆದು ಒರೆಸುತ್ತಾ ಕುಳಿತಿದ್ದರು. ಆಮೇಲೆ ಅವ್ವನೇ ಪುಸ್ತಕವನ್ನು ಮೆಲ್ಲಗೆ ಮುಚ್ಚಿದಳು.

ಪಿಂಚಣಿ ಬಂತು. ನನ್ನ ಓದು ಮುಗಿಯಿತು, ಕೆಲಸವೂ ಸಿಕ್ಕಿತು. ಹಾಸನದಲ್ಲೇ ಇದ್ದಾಗ ಒಮ್ಮೆ ಜಿಲ್ಲಾ ಕಚೇರಿಗೂ ಮೇಲ್ ಬರೆದೆ. ನೋಂದಣಿ ಆಗದೆ ಹುಟ್ಟಿ, ನೋಂದಣಿ ಆಗದೆ ಸತ್ತ ಮಗುವಿನ ಬಗ್ಗೆ ಬೇರೇನಾದರೂ ದಾರಿ ಇದೆಯೇ ಎಂದು ಕೇಳಿದ್ದೆ. ತಮ್ಮ ಅರ್ಜಿಯ ವಿಷಯವು ತಾಲ್ಲೂಕು ಮಟ್ಟದಲ್ಲಿ ವಿಲೇವಾರಿಯಾಗಿದ್ದು, ಹೆಚ್ಚಿನ ಪರಿಹಾರಕ್ಕಾಗಿ ಸಕ್ಷಮ ನ್ಯಾಯಾಲಯವನ್ನು ಸಂಪರ್ಕಿಸಬಹುದು ಎಂಬ ಉತ್ತರ ಬಂತು. ತಪ್ಪು ಉತ್ತರವೇನಲ್ಲ. ಅದನ್ನು ಅವ್ವನಿಗೆ ಹೇಳಲಿಲ್ಲ.

ಮೊದಲೆಲ್ಲ ಯಾರಾದರೂ ಎಷ್ಟು ಮಕ್ಕಳು ಎಂದು ಕೇಳಿದರೆ ಅವ್ವ, "ಎಲ್ಡು. ಒಂದು ಹೋಯ್ತು," ಅನ್ನುತ್ತಿದ್ದಳು. ಅದನ್ನು ಹೇಳುವಾಗ ಅವಳ ದನಿ ಕುಗ್ಗುತ್ತಿರಲಿಲ್ಲ. ಲೈನಿನಲ್ಲಿ ಹೊಸದಾಗಿ ಬಂದವರಿಗೂ ಹಾಗೇ ಹೇಳುತ್ತಿದ್ದಳು. ಆಲೂರಿನ ಓಡಾಟದ ನಂತರ ಆ ಮಾತು ಅವಳ ಬಾಯಲ್ಲಿ ಬಂದದ್ದನ್ನು ನಾನು ಕೇಳಲಿಲ್ಲ.

ನಾನು ಕೆಲಸ ಮಾಡುವ ಆಸ್ಪತ್ರೆಗೇ ಒಮ್ಮೆ ಅವಳನ್ನು ಕರೆತಂದೆ. ಹೊಟ್ಟೆಯಲ್ಲಿ ಗಡ್ಡೆ ಇರಬಹುದೆಂದು ಅನುಮಾನ. ಡಾಕ್ಟರಮ್ಮ ಎಲ್ಲರನ್ನೂ ಕೇಳುವ ಹಾಗೆ ಕೇಳಿದರು.

"ಹೆರಿಗೆ ಎಷ್ಟು ಆಗಿದೆಯಮ್ಮ?"

"ಒಂದು," ಅಂದಳು ಅವ್ವ.

"ಎರಡು, ಮೇಡಂ," ಅಂದೆ ನಾನು.

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ನಮ್ಮಿಬ್ಬರನ್ನೂ ನೋಡಿದರು. ಅವ್ವ ನನ್ನ ಕೈ ಹಿಡಿದು ಹತ್ತಿರ ಎಳೆದುಕೊಂಡು, ಯಾರಿಗೂ ಕೇಳಬಾರದೆಂಬಂತೆ ಮೆಲ್ಲಗೆ ಹೇಳಿದಳು:

"ಸುಮ್ಕಿರವ್ವ. ಆಮ್ಯಾಕೆ ಕಾಗ್ದ ತೋರ್ಸು ಅಂದ್ರೆ ಎಲ್ಲಿಂದ ತರಾನ?"